ಸೋಲಾರ್ ಪ್ಯಾನೆಲ್ ತೊಳೆಯೋಕೆ ಮಧ್ಯಾಹ್ನ ಬರ್ತೀನಿ ಅಂದವರನ್ನು ಗೇಟಿನ ಒಳಗೆ ಬಿಡಬೇಡಿ

ಮೂರು ವಾರದಿಂದ ಬರೆಯಬೇಕು ಅಂತಿದ್ದೆ, ನಾಚಿಕೆ ಆಗಿ ಬರೆದಿರಲಿಲ್ಲ. ನಾನೊಬ್ಬಳೇ ಮೋಸ ಹೋಗಿದ್ದರೆ ಸುಮ್ಮನಿರ್ತಿದ್ದೆನೇನೋ. ಪಕ್ಕದ ಮನೆ ಆಂಟಿಗೂ ನಾನೇ ಹೇಳಿ ಅದೇ ಮನುಷ್ಯನಿಗೆ ದುಡ್ಡು ಕೊಡಿಸಿದ್ದೀನಿ. ಅದಕ್ಕೇ ಬರೀತಿದ್ದೀನಿ.

ನಮ್ಮದು ಚಳ್ಳಕೆರೆ. 2019ರಲ್ಲಿ ಮಹಡಿ ಮೇಲೆ 335 ವ್ಯಾಟಿನ ಒಂಬತ್ತು ಪ್ಯಾನೆಲ್ ಹಾಕಿಸಿದ್ವಿ, ಅಂದರೆ 3 ಕಿಲೋವ್ಯಾಟ್. ಒಳ್ಳೆ ಬಿಸಿಲಿದ್ದ ದಿನ 13 ಯೂನಿಟ್ ಬರ್ತಿತ್ತು. ಮೊದಲು ನಮ್ಮ ಮಾವನೇ ಬೆಳಿಗ್ಗೆ ಆರು ಗಂಟೆಗೆ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬರ್ತಿದ್ರು. ಅವರಿಗೆ ಮಂಡಿನೋವು ಶುರುವಾದ ಮೇಲೆ ನಿಂತುಹೋಯ್ತು. ಹೋದ ನವೆಂಬರಲ್ಲಿ ಎದುರಿನ ಸೈಟಲ್ಲಿ ಮನೆ ಕಟ್ಟೋಕೆ ಶುರು ಮಾಡಿದ್ರು, ಸಿಮೆಂಟ್ ಧೂಳು ಎಲ್ಲಾ ನಮ್ಮ ಮೇಲೆ. ಜೊತೆಗೆ ಪಾರಿವಾಳ. ಯೂನಿಟ್ 11ಕ್ಕೆ ಇಳೀತು.

ಆಗ ಬಂದ ಈ ಮನುಷ್ಯ. ಸೋಲಾರ್ ಸರ್ವಿಸ್ ಅಂತ ಟೀ ಶರ್ಟ್, ಕೈಯಲ್ಲಿ ಪ್ರೆಶರ್ ಪಂಪ್. "ಅಕ್ಕ, ಆರು ಸಲಕ್ಕೆ 3,000, ಮುಂಚೆ ಕೊಟ್ಟರೆ ಸಾಕು, ತಿಂಗಳಿಗೊಂದು ಸಲ ನಾನೇ ಬರ್ತೀನಿ" ಅಂದ. ಡಿಸೆಂಬರಲ್ಲಿ ಮೊದಲನೇ ಸಲ ಮಧ್ಯಾಹ್ನ ಹನ್ನೆರಡಕ್ಕೆ ಬಂದ. ತೊಳೆಯೋ ಮುಂಚೆ ನನ್ನ ಫೋನಿನ ಆ್ಯಪ್ ತೆಗೆಸಿ ತೋರಿಸಿದ: 1,900 ವ್ಯಾಟ್. ನಮ್ಮ ಬೋರ್ ನಲ್ಲಿಗೇ ಪೈಪ್ ಹಾಕಿ ತೊಳೆದ. ಮತ್ತೆ ತೋರಿಸಿದ: 2,200. "ನೋಡಿದ್ರಾ ಅಕ್ಕ, ಒಂದೇ ಸಲಕ್ಕೆ 300 ಏರ್ತು." ನಾನು ಖುಷಿಯಾಗಿ ಪೂರ್ತಿ 3,000 ಕೊಟ್ಟೆ. ಅವತ್ತೇ ಆಂಟಿ ಮನೆಗೂ ಕರ್ಕೊಂಡು ಹೋದೆ.

ಜನವರಿ, ಫೆಬ್ರವರಿ ಕೂಡ ಇದೇ ಆಟ. ತೊಳೆದ ತಕ್ಷಣ ವ್ಯಾಟ್ ಏರುತ್ತೆ, ಅವನು ತೋರಿಸ್ತಾನೆ, ನಾನು ತಲೆ ಆಡಿಸ್ತೀನಿ. ಆದರೆ ದಿನದ ಯೂನಿಟ್ 11 ದಾಟಲೇ ಇಲ್ಲ! ನಾನು ಅದನ್ನು ನೋಡೋಕೇ ಹೋಗಲಿಲ್ಲ, ಅವನು ತೋರಿಸಿದ ನಂಬರನ್ನೇ ನಂಬಿದೆ.

ಮಾರ್ಚಲ್ಲಿ ನಾಲ್ಕನೇ ಸಲ. ಅವನು 12:40ಕ್ಕೆ 2,190 ತೋರಿಸಿದ. ಊಟ ಮಾಡಿ 1:20ಕ್ಕೆ ಸುಮ್ಮನೆ ಆ್ಯಪ್ ತೆಗೆದೆ. 1,900. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ತೊಳೆಯೋ ಮುಂಚೆಯೂ ಅಷ್ಟೇ ಇತ್ತು. ಮಹಡಿ ಹತ್ತಿ ನೋಡಿದ್ರೆ ಗಾಜಿನ ಮೇಲೆಲ್ಲಾ ಬಿಳಿ ಪೊರೆ, ಸ್ನಾನದ ಮನೆ ಬಕೆಟ್ಟಿನ ಒಳಗೆ ಕಟ್ಟಿಕೊಂಡಿರುತ್ತಲ್ಲ, ಹಾಗೆ. ಉಗುರಲ್ಲಿ ಕೆರೆದ್ರೂ ಬರಲಿಲ್ಲ.

ಫೋನ್ ಮಾಡಿದೆ. "ಮೋಡ ಬಂದಿರುತ್ತೆ ಅಕ್ಕ." ಮೋಡ ಇಲ್ಲಪ್ಪ ಅಂದೆ. "ಹಾಗಾದ್ರೆ ಪ್ಯಾನೆಲ್ಲೇ ಹಳೇದಾಯ್ತು, ಐದಾರು ವರ್ಷ ಆಯ್ತಲ್ಲ." ಬಿಳಿ ಪೊರೆ ಇದೆ ಅಂದಿದ್ದಕ್ಕೆ, "ಅದು ನಿಮ್ಮ ನೀರಿಂದು, ನನ್ನದಲ್ಲ." ನಮ್ಮ ನೀರಿಗೆ ಪೈಪ್ ಹಾಕಿದ್ದು ಯಾರು? ಸಂಜೆ ಬಾಟಲಿ ಹಿಡ್ಕೊಂಡು ಬಂದ. ಬಾತ್‌ರೂಮ್ ತೊಳೆಯೋ ಆಸಿಡ್! ನಾನು ಓಡಿ ಬರೋದ್ರೊಳಗೆ ಒಂದು ಪ್ಯಾನೆಲ್ಲಿಗೆ ಸುರಿದಾಗಿತ್ತು. ಅಲ್ಯೂಮಿನಿಯಂ ಫ್ರೇಮಿನ ಮೇಲೆ ಬುರುಬುರು ನೊರೆ ಬಂತು, ಅಂಚಿನ ಹೊಳಪೆಲ್ಲಾ ಹೋಗಿ ಕಪ್ಪು ಗೆರೆ ಬಿದ್ದಿದೆ. ಬೇಡ ಬೇಡ ಅಂದ್ರೂ ಪಂಪಿಂದ ಮೇಲೆ ಕೆಳಗೆ, ಹಿಂದುಗಡೆ ವಯರ್ ಮೇಲೆಲ್ಲಾ ನೀರು ಹೊಡೆದ. ಮಾರನೇ ದಿನ ಬೆಳಿಗ್ಗೆ ಇನ್ವರ್ಟರ್ ಸ್ಕ್ರೀನಲ್ಲಿ `PV Isolation Low` ಅಂತ ಬಂದು ಕರೆಂಟೇ ಇಲ್ಲ. ಕನೆಕ್ಟರ್ ಒಳಗೆ ಹೋಗಿದ್ದ ನೀರು ಒಣಗಿ ಅದು ಶುರುವಾಗೋಕೆ ಮಧ್ಯಾಹ್ನ ಆಯ್ತು.

ಮಾವನಿಗೆ ಗೊತ್ತಿರೋ ವೈರಿಂಗ್ ಕೆಲಸದವರೊಬ್ಬರು ಬಂದು ನೋಡಿದ ಮೇಲೆ ನನಗೆ ಎಲ್ಲಾ ಅರ್ಥ ಆಗಿದ್ದು. ನಡು ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿವರೆಗೂ ಕಾದಿರುತ್ತೆ. ಕಾದಷ್ಟೂ ಕರೆಂಟ್ ಕಡಿಮೆ, ನಮ್ಮ ಥರದ ಪ್ಯಾನೆಲ್ಲಲ್ಲಿ ಒಂದೊಂದು ಡಿಗ್ರಿಗೂ ಸುಮಾರು ನೂರಕ್ಕೆ 0.4ರಷ್ಟು. ನೀರು ಬಿದ್ದು 25 ಡಿಗ್ರಿ ತಣ್ಣಗಾದರೆ ನೂರಕ್ಕೆ ಹತ್ತರಷ್ಟು ಏರಿಬಿಡುತ್ತೆ, ಕೊಳೆ ಹೋಗಲಿ ಬಿಡಲಿ. ನಾನು ಕಂಡಿದ್ದು ಸ್ವಚ್ಛತೆ ಅಲ್ಲ, ತಂಪು! ಆರಿ ಮತ್ತೆ ಕಾದ ಮೇಲೆ ಹಳೇ ನಂಬರಿಗೇ ಬರುತ್ತೆ. ಅವನು ಮಧ್ಯಾಹ್ನವೇ ಬರ್ತಿದ್ದಿದ್ದು ಯಾಕೆ ಅಂತ ಆಗ ಹೊಳೀತು. ಬೆಳಿಗ್ಗೆ ಆರಕ್ಕೆ ಬಂದ್ರೆ ತೋರಿಸೋಕೆ ವ್ಯಾಟೇ ಇರಲ್ಲ.

ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಗಾಜು ಬಿರುಕು ಬಿಡಬಹುದು, ಅದು ಬೇರೆ. ನಮ್ಮ ಬೋರ್ ನೀರಿನ ಟಿಡಿಎಸ್ ಅವರು ಅಳೆದರೆ 1,100 ಬಂತು. ಅಂದರೆ ಒಂದು ಲೀಟರ್ ನೀರು ಗಾಜಿನ ಮೇಲೇ ಆರಿಹೋದರೆ ಒಂದು ಗ್ರಾಮಿಗಿಂತ ಜಾಸ್ತಿ ಉಪ್ಪು, ಸುಣ್ಣ ಅಲ್ಲೇ ಉಳಿಯುತ್ತೆ. ಬಿಸಿ ಗಾಜಿನ ಮೇಲೆ ಒರೆಸೋದ್ರೊಳಗೇ ಆರುತ್ತೆ. ನಾಲ್ಕು ಸಲ ದುಡ್ಡು ಕೊಟ್ಟು ಧೂಳು ತೆಗೆಸಿ ಸುಣ್ಣ ಬಳಿಸಿಕೊಂಡಿದ್ದೀನಿ. ಧೂಳಾದ್ರೆ ಮಳೆಗೆ ಹೋಗ್ತಿತ್ತು, ಇದು ಹೋಗಲ್ಲ.

ಹಿಕ್ಕೆ ವಿಷಯವೂ ಅವರೇ ಹೇಳಿದ್ರು. ಧೂಳು ಎಲ್ಲಾ ಕಡೆ ಸಮವಾಗಿ ಕೂತರೆ ಕರೆಂಟೂ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಹಿಕ್ಕೆ ಹಾಗಲ್ಲ. ಒಳಗಿನ ಸೆಲ್‌ಗಳೆಲ್ಲಾ ಸರಪಳಿ ಥರ ಜೋಡಿಸಿರೋದು, ಒಂದು ಸೆಲ್ ಮುಚ್ಚಿಹೋದರೆ ನಮ್ಮ ಪ್ಯಾನೆಲ್ಲಲ್ಲಿ ಅದರ ಸಾಲಿನ 24 ಸೆಲ್ಲೂ ಹೋದ ಹಾಗೆ, ಅಂದರೆ ಪ್ಯಾನೆಲ್ಲಿನ ಮೂರನೇ ಒಂದು ಭಾಗ. ಮುಚ್ಚಿದ ಸೆಲ್ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸುಟ್ಟು ಕಂದು ಕಲೆ ಆಗುತ್ತಂತೆ. ಕೆಳಗಿನ ಫ್ರೇಮಿನ ಅಂಚಲ್ಲಿ ಗೋಡು ಮಣ್ಣು ಪಟ್ಟಿಯಾಗಿ ನಿಲ್ಲುತ್ತಲ್ಲ, ಅದೂ ಇಷ್ಟೇ ಕೆಟ್ಟದ್ದು. ಪ್ಯಾನೆಲ್ ಉದ್ದಕ್ಕೆ ನಿಲ್ಲಿಸಿದ್ದರೆ ಮೂರೂ ಸಾಲಿನ ಕೊನೇ ಸೆಲ್ಲನ್ನು ಅದೇ ಮುಚ್ಚುತ್ತೆ. ನಮ್ಮ ಮನೇಲಿ ಅವನು ಅದನ್ನು ಮುಟ್ಟೇ ಇರಲಿಲ್ಲ, ಎರಡು ಬೆರಳು ಅಗಲ ಹಾಗೇ ಇತ್ತು.

ಈಗ ನಾನೇ ಮಾಡ್ತಿದ್ದೀನಿ. ಸೂರ್ಯ ಏರೋ ಮುಂಚೆ, ಗಾಜು ತಣ್ಣಗಿರುವಾಗ, ಇನ್ವರ್ಟರ್ ಆಫ್ ಮಾಡಿ, ಡಿಸಿ ಸ್ವಿಚ್ಚೂ ಆಫ್ ಮಾಡಿ. ಆದರೂ ಬೆಳಕಿದ್ದರೆ ಪ್ಯಾನೆಲ್ ಕಡೆಯ ವಯರಲ್ಲಿ ಮುನ್ನೂರು ನಾನೂರು ವೋಲ್ಟ್ ಇದ್ದೇ ಇರುತ್ತೆ. ಗಾಜು ಒಡೆದಿದ್ದರೆ, ವಯರ್ ಸುಲಿದಿದ್ದರೆ ನೀರು ಮುಟ್ಟಿಸಲೇಬೇಡಿ. ಸಿಂಟೆಕ್ಸ್ ಡ್ರಮ್ಮಲ್ಲಿ ಹಿಡಿದ ಮಳೆ ನೀರು, ಅದಿಲ್ಲದಿದ್ದರೆ ಆರ್‌ಒ ನೀರು, ಒಂಬತ್ತಕ್ಕೂ ಎರಡು ಬಕೆಟ್ ಸಾಕು. ಹಿಕ್ಕೆ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿಟ್ಟರೆ ಹಾಗೇ ಬರುತ್ತೆ, ಚಾಕು ಬೇಡ, ಪಾತ್ರೆ ಉಜ್ಜೋ ನಾರು ಬೇಡ. ಸೋಪಿನ ಪುಡಿಯೂ ಬೇಡ. ಬೋರ್ ನೀರೇ ಗತಿ ಅಂದ್ರೆ ಆರೋಕೆ ಬಿಡದೆ ರಬ್ಬರ್ ವೈಪರಲ್ಲಿ ಎಳೆದುಬಿಡಿ. ಪ್ಯಾನೆಲ್ ಮೇಲೆ ಕಾಲಿಡೋಕೆ ಯಾರನ್ನೂ ಬಿಡಬೇಡಿ, ಒಳಗೆ ಸೆಲ್ ಬಿರುಕು ಬಿಟ್ಟರೆ ಕಣ್ಣಿಗೆ ಕಾಣಲ್ಲ. ನಮ್ಮ ಊರಿನ ಧೂಳಿಗೆ ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಬೇಕು, ಮಳೆಗಾಲದಲ್ಲಿ ಹಿಕ್ಕೆ ತೆಗೆದರೆ ಸಾಕು. ನೋಡಬೇಕಾದ್ದು ವ್ಯಾಟ್ ಅಲ್ಲ, ತೊಳೆಯೋ ಹಿಂದಿನ ದಿನ, ಮಾರನೇ ದಿನದ ಪೂರ್ತಿ ಯೂನಿಟ್, ಎರಡೂ ದಿನ ಬಿಸಿಲಿದ್ದರೆ ಮಾತ್ರ.

ಪ್ಯಾನೆಲ್ ಕಂಪನಿಗೆ ಬರೆದು ಕೇಳಿದೆ. ಆಸಿಡ್ ಬಿದ್ದ ಪ್ಯಾನೆಲ್ಲಿಗೆ ವಾರಂಟಿ ಇಲ್ಲ ಅಂದ್ರು. ಉಳಿದ ಎಂಟರ ಪೊರೆಗೆ ನೀರು ಬೆರೆಸಿದ ಬಿಳಿ ವಿನೆಗರ್ ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ತಕ್ಷಣ ಒಳ್ಳೆ ನೀರಲ್ಲಿ ತೊಳೀರಿ, ಫ್ರೇಮಿಗೆ ತಾಗಿಸಬೇಡಿ ಅಂದ್ರು. ಮುಕ್ಕಾಲು ಹೋಗಿದೆ. ನಿನ್ನೆ 12 ಯೂನಿಟ್ ಬಂತು.

ಉಳಿದ ಎರಡು ಸಲದ 1,000 ರೂಪಾಯಿ ವಾಪಸ್ ಕೇಳಿದ್ದಕ್ಕೆ ಅವನ ಉತ್ತರ: "ಅಕ್ಕ, ನಾಲ್ಕು ಸಲವೂ ವ್ಯಾಟ್ ನೀವೇ ನೋಡಿ ಓಕೆ ಅಂದಿದ್ದೀರ." ಆಮೇಲೆ ಫೋನ್ ಎತ್ತಿಲ್ಲ. ಆಂಟಿ ನನಗೆ ಒಂದು ಮಾತೂ ಅಂದಿಲ್ಲ, ಅದೇ ಜಾಸ್ತಿ ಚುಚ್ಚುತ್ತೆ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಅವರ ಮಹಡಿಗೆ ನಾನೇ ಎರಡು ಬಕೆಟ್ ಹೊತ್ಕೊಂಡು ಹೋಗ್ತಿದ್ದೀನಿ.