ಬಾಳೆಹಣ್ಣಿನ ಗುಳಿಯಪ್ಪಕ್ಕೆ ಸೋಡಾವೋ, ಬೇಕಿಂಗ್ ಪೌಡರೋ?

ನಮ್ಮ ಮನೆಯ ಗುಳಿಯಪ್ಪದ ಕಾವಲಿಗೆ ಹನ್ನೆರಡು ಗುಳಿ. ಸೋಡಾ ಮತ್ತು ಬೇಕಿಂಗ್ ಪೌಡರ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಪಾತ್ರೆ ಸಿಗಲಿಕ್ಕಿಲ್ಲ. ಒಂದೇ ಕಾವಲಿ, ಒಂದೇ ಉರಿ, ಒಂದೇ ಹೊತ್ತು. ನಾಲ್ಕು ಬಗೆಯ ಹಿಟ್ಟು ಕಲಸಿ ಒಂದೊಂದನ್ನು ಮೂರು ಮೂರು ಗುಳಿಗೆ ಹೊಯ್ದರೆ ವ್ಯತ್ಯಾಸ ಕಣ್ಣೆದುರೇ ಕಾಣುತ್ತದೆ. ಸಾಮಾನ್ಯವಾಗಿ ನಾವು ಇದಕ್ಕೆ ಬೆಲ್ಲ ಹಾಕುತ್ತೇವೆ. ಆದರೆ ಬೆಲ್ಲದ ಬಣ್ಣ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಈ ಸಲ ಸಕ್ಕರೆ, ಗೋಧಿಹಿಟ್ಟಿನ ಬದಲು ಮೈದಾ.

ಒಂದೊಂದು ಬಟ್ಟಲಿಗೂ ಅರ್ಧ ಕಪ್ ಮೈದಾ, ಚೆನ್ನಾಗಿ ಕಳಿತ ದೊಡ್ಡ ಪಚ್ಚಬಾಳೆಯ ಅರ್ಧ ಹಣ್ಣು ಕಿವುಚಿದ್ದು, ಒಂದೂವರೆ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಮೊದಲನೆಯದಕ್ಕೆ ಕಾಲು ಕಪ್ ಹುಳಿ ಮೊಸರು ಮತ್ತು ಅರೆಕಾಲು ಟೀ ಚಮಚ, ಅಂದರೆ ಕಾಲು ಚಮಚದ ಅರ್ಧದಷ್ಟು ಸೋಡಾ. ಎರಡನೆಯದಕ್ಕೆ ಮೊಸರಿಲ್ಲ, ಕಾಲು ಕಪ್ ನೀರು ಮತ್ತು ಅಷ್ಟೇ ಸೋಡಾ. ಮೂರನೆಯದಕ್ಕೆ ನೀರು ಮತ್ತು ಅರ್ಧ ಟೀ ಚಮಚ ಬೇಕಿಂಗ್ ಪೌಡರ್. ನಾಲ್ಕನೆಯದಕ್ಕೆ ಮೊಸರು ಮತ್ತು ಅದೇ ಅರ್ಧ ಚಮಚ ಪೌಡರ್.

ಪೌಡರಿನ ಅಳತೆ ಸೋಡಾದ ನಾಲ್ಕು ಪಟ್ಟು ಯಾಕೆ ಅಂದರೆ, ಬೇಕಿಂಗ್ ಪೌಡರ್ ಎನ್ನುವುದರೊಳಗೆ ಇರುವುದೂ ಸೋಡಾವೇ, ಸುಮಾರು ಕಾಲು ಭಾಗದಷ್ಟು. ಉಳಿದದ್ದು ಪುಡಿ ರೂಪದ ಹುಳಿ ಲವಣ, ಜೊತೆಗೆ ಅವೆರಡೂ ಡಬ್ಬಿಯೊಳಗೇ ಜಗಳಕ್ಕೆ ಬೀಳದಂತೆ ತೇವ ಹೀರಿಕೊಳ್ಳುವ ಜೋಳದ ಪಿಷ್ಟ. ಸೋಡಾ ಕ್ಷಾರ. ಹುಳಿ ಸೇರಿ ಒದ್ದೆಯಾದರೆ ಮಾತ್ರ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಸರಿಯಾಗಿ ಉಬ್ಬಿಸುತ್ತದೆ. ಸೋಡಾ ಹಾಕಿದರೆ ಆ ಹುಳಿಯನ್ನು ನಾವು ಹೊಂದಿಸಬೇಕು, ಪೌಡರ್ ತನ್ನ ಹುಳಿಯನ್ನು ತಾನೇ ಹೊತ್ತು ತರುತ್ತದೆ. ಇಷ್ಟೇ ವ್ಯತ್ಯಾಸ. ಆದರೆ ಈ ಇಷ್ಟರಿಂದಲೇ ರುಚಿ, ಬಣ್ಣ, ಕಾಯುವ ಹೊತ್ತು ಎಲ್ಲವೂ ಬದಲಾಗುತ್ತವೆ.

ಕಾವಲಿ ಕಾದು ಗುಳಿಗೆ ತುಪ್ಪ ಬಿಟ್ಟು ಹೊಯ್ದೆ. ಮೊಸರು–ಸೋಡಾದ ಹಿಟ್ಟು ಬಟ್ಟಲಲ್ಲೇ ಗುಳ್ಳೆ ಏಳಿಸಿಕೊಂಡು ನೊರೆಯಾಗಿತ್ತು. ಗುಳಿಗೆ ಬಿದ್ದದ್ದೇ ಅಂಚು ಮೀರಿ ಉಬ್ಬಿತು. ಮಗುಚಿದಾಗ ಒಳ್ಳೆಯ ಹೊಂಬಣ್ಣ, ಮುರಿದರೆ ಒಳಗೆ ಸಣ್ಣ ದೊಡ್ಡ ತೂತುಗಳು, ಹಣ್ಣಿನ ಘಮ ಮುಂದೆ, ಹುಳಿ ಎಲ್ಲೂ ಇಲ್ಲ. ಕಾಲು ಕಪ್ ಮೊಸರಿನ ಹುಳಿಯನ್ನು ಅರೆಕಾಲು ಚಮಚ ಸೋಡಾ ಹೆಚ್ಚುಕಡಿಮೆ ಪೂರ್ತಿ ಮುಗಿಸುತ್ತದೆ, ಲೆಕ್ಕ ಸರಿಹೋಗಿತ್ತು.

ನೀರು–ಸೋಡಾದ್ದು ನನಗೆ ಪಾಠ ಕಲಿಸಿದ ಬಟ್ಟಲು. ಬಾಳೆಹಣ್ಣಿನಲ್ಲೇ ಸ್ವಲ್ಪ ಹುಳಿ ಇರುವುದರಿಂದ ಅದೂ ಉಬ್ಬಿತು, ಆದರೆ ಕಡಿಮೆ. ಉಳಿದವು ಇನ್ನೂ ಹೊಂಬಣ್ಣದಲ್ಲಿರುವಾಗಲೇ ಇದರ ತಳ ಗಾಢ ಕಂದಾಗಿತ್ತು. ಸೀದಿರಲಿಲ್ಲ. ಕ್ಷಾರ ಹೆಚ್ಚಿದ್ದರೆ ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಬೇಗ ಕೆಂಪೇರುತ್ತವೆ. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಅಂಚಿಗೆ ಸಾಬೂನು ತಾಗಿದ ಹಾಗೆ. ಹುಳಿ ಸಿಗದೆ ಉಳಿದ ಸೋಡಾ ಬಿಸಿಗೆ ಒಡೆದು ಸ್ವಲ್ಪ ಗಾಳಿಯನ್ನೇನೋ ಬಿಡುತ್ತದೆ, ಆದರೆ ತನಗಿಂತ ಖಾರವಾದ ಕ್ಷಾರವೊಂದನ್ನು, ಅಂದರೆ ವಾಷಿಂಗ್ ಸೋಡಾವನ್ನು, ಹಿಂದೆ ಬಿಟ್ಟುಹೋಗುತ್ತದೆ. ಸಾಬೂನಿನ ರುಚಿ ಅದರದು. ಬಜ್ಜಿ ಹಿಟ್ಟಿಗೆ ಅರಿಶಿನ ಹಾಕುವವರು ಇದನ್ನು ಕಣ್ಣಲ್ಲೇ ಹಿಡಿಯಬಹುದು: ಸೋಡಾ ಹೆಚ್ಚಾದರೆ ಹಳದಿ ಹಿಟ್ಟಿನಲ್ಲಿ ಕೆಂಪು ಚುಕ್ಕೆಗಳು ಕಾಣುತ್ತವೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ.

ನೀರು–ಪೌಡರಿನದು ಹೇಳಿದ ಮಾತು ಕೇಳುವ ಹಿಟ್ಟು. ಬಣ್ಣ ತಿಳಿ, ಒಳಗೆ ಒಂದೇ ಸಮನಾದ ಸಣ್ಣ ತೂತು, ರುಚಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಮೊಸರು–ಪೌಡರಿನದು ಎಲ್ಲಕ್ಕಿಂತ ಬೆಳ್ಳಗೆ, ಮೊಸರಿನ ಹುಳಿ ಹಾಗೇ ಉಳಿದಿತ್ತು. ಮಕ್ಕಳಿಗೆ ಅದೇ ಇಷ್ಟವಾಯಿತು. ನನಗೆ ಗುಳಿಯಪ್ಪಕ್ಕೆ ಹುಳಿ ಬೇಡ.

ಉಳಿದ ಹಿಟ್ಟನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಹೊಯ್ದೆ. ನಿಜವಾದ ಅಂತರ ಗೊತ್ತಾಗಿದ್ದು ಆಗ. ಮೊಸರು–ಸೋಡಾದ ನೊರೆ ಇಳಿದುಹೋಗಿ ಗುಳಿಯಪ್ಪ ಮೊದಲಿನ ಅರ್ಧದಷ್ಟೂ ಏಳಲಿಲ್ಲ, ಒಳಗೆ ಅಂಟಂಟು. ಸೋಡಾ ಮತ್ತು ಹುಳಿ ಸೇರಿದ ಕೂಡಲೇ ಕೆಲಸ ಶುರುವಾಗಿ ಬೇಗ ಮುಗಿಯುತ್ತದೆ, ತೆಳು ಹಿಟ್ಟು ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದು. ಪೌಡರಿನವು ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಉಬ್ಬಿದವು. ಈಗ ಸಿಗುವ ಪೌಡರುಗಳು ಸಾಮಾನ್ಯವಾಗಿ ಎರಡು ಹಂತದಲ್ಲಿ ಕೆಲಸ ಮಾಡುವಂಥವು. ಒಂದಿಷ್ಟು ಗಾಳಿ ಹಿಟ್ಟು ಒದ್ದೆಯಾದಾಗ, ಉಳಿದದ್ದು ಬಿಸಿ ತಾಗಿದಾಗ. ಎರಡನೇ ಹಂತದ ಹುಳಿ ಲವಣ ತಣ್ಣಗಿರುವಾಗ ಸುಮ್ಮನಿರುತ್ತದೆ.

ಇಷ್ಟರ ನಡುವೆ ನಾನು ನಿರೀಕ್ಷಿಸದ ಇನ್ನೊಂದು ಹೋಲಿಕೆ ತಾನಾಗೇ ನಡೆದುಹೋಗಿತ್ತು. ಹಣ್ಣು ಕಿವುಚಿ ನಾಲ್ಕು ಬಟ್ಟಲಿಗೆ ಹಂಚಿ, ಮೊಸರು, ನೀರು, ಸೋಡಾ ಬೆರೆಸಿ, ಮೈದಾ ಜರಡಿ ಹಿಡಿಯುವಷ್ಟರಲ್ಲಿ ಬಟ್ಟಲುಗಳ ಬಣ್ಣ ಬೇರೆ ಬೇರೆಯಾಗಿತ್ತು. ಮೊಸರು ಬಿದ್ದ ಹಣ್ಣು ಕೆನೆಬಣ್ಣದಲ್ಲೇ ಇತ್ತು. ನೀರು ಮಾತ್ರ ಬಿದ್ದದ್ದು ಮೇಲ್ಮೈಯಲ್ಲಿ ಕಂದು. ನೀರು–ಸೋಡಾದ್ದು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಮರುದಿನ ಇದನ್ನೇ ಬೇರೆಯಾಗಿ ನೋಡಿದೆ. ಮೂರು ಸ್ಟೀಲ್ ಲೋಟದಲ್ಲಿ ಎರಡೆರಡು ಚಮಚ ಕಿವುಚಿದ ಹಣ್ಣು, ಒಂದು ಹಾಗೇ, ಒಂದಕ್ಕೆ ಅರ್ಧ ಚಮಚ ನಿಂಬೆರಸ, ಒಂದಕ್ಕೆ ಚಿಟಿಕೆ ಸೋಡಾ. ಅರ್ಧ ಗಂಟೆಯಲ್ಲಿ ಅದೇ ಕ್ರಮ: ನಿಂಬೆಯದು ಬಿಳಿ, ಬರಿಯದು ಕಂದು, ಸೋಡಾದ್ದು ಕಪ್ಪು ಕಂದು.

ಹಣ್ಣು ಕಪ್ಪಾಗುವುದು ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಎಂದು ಬಹಳ ಜನ ಹೇಳುತ್ತಾರೆ. ಹಾಗಲ್ಲ. ಹಣ್ಣಿನ ಜೀವಕೋಶದ ಒಂದು ಕೋಣೆಯಲ್ಲಿ ಫೀನಾಲ್ ಎಂಬ ಜಾತಿಯ ಪದಾರ್ಥಗಳಿರುತ್ತವೆ, ಇನ್ನೊಂದು ಕೋಣೆಯಲ್ಲಿ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಚಾಕು ತಾಗಿದಾಗ, ಹಣ್ಣು ನೆಲಕ್ಕೆ ಬಿದ್ದು ನಜ್ಜಾದಾಗ ಗೋಡೆ ಒಡೆದು ಇವೆರಡೂ ಸೇರುತ್ತವೆ. ಗಾಳಿಯ ಆಮ್ಲಜನಕ ಸಿಕ್ಕರೆ ಕಿಣ್ವ ಫೀನಾಲನ್ನು ಬದಲಾಯಿಸುತ್ತದೆ, ಬದಲಾದದ್ದು ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣವಾಗುತ್ತದೆ. ಆ ಕಿಣ್ವದೊಳಗೆ ಇರುವ ಲೋಹ ತಾಮ್ರವೇ ಹೊರತು ಕಬ್ಬಿಣವಲ್ಲ. (ಈಳಿಗೆಮಣೆಯ ಕಬ್ಬಿಣದ ಅಲಗಿನಲ್ಲಿ ಬಾಳೆಕಾಯಿ ಹೆಚ್ಚಿದಾಗ ಬರುವ ನೀಲಿಗಪ್ಪು ಬಣ್ಣದ ಕತೆ ಬೇರೆ. ಅದು ಕಾಯಿಯ ಒಗರಿಗೆ ಅಲಗಿನ ಕಬ್ಬಿಣ ಸೇರಿ ಬರುವಂಥದ್ದು.)

ಕಿಣ್ವಕ್ಕೆ ಹುಳಿ ಆಗಿಬರುವುದಿಲ್ಲ. ನಿಂಬೆರಸದಷ್ಟು ಹುಳಿಯಲ್ಲಿ ಅದು ಬಹುಮಟ್ಟಿಗೆ ನಿಂತೇಹೋಗುತ್ತದೆ, ಮೊಸರಿನಲ್ಲಿ ನಿಧಾನವಾಗುತ್ತದೆ. ನಿಂಬೆಗೆ ಇನ್ನೊಂದು ಬಲವೂ ಇದೆ. ಅದರ ವಿಟಮಿನ್ ಸಿ, ಬಣ್ಣ ಕಟ್ಟಲು ಹೊರಟ ಪದಾರ್ಥವನ್ನು ಹಿಂದಿನ ಸ್ಥಿತಿಗೇ ತಳ್ಳುತ್ತದೆ. ಆದರೆ ತಳ್ಳುತ್ತ ತಳ್ಳುತ್ತ ತಾನೇ ಖರ್ಚಾಗುತ್ತದೆ. ಬೆಳಿಗ್ಗೆ ನಿಂಬೆ ಸವರಿ ಡಬ್ಬಿಗೆ ಹಾಕಿದ ಸೇಬು ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲಿ ಕಂದಾಗತೊಡಗುವುದಕ್ಕೆ ಅದೂ ಒಂದು ಕಾರಣ. ಹಾಗೆ ಕಂದಾದ ಹೋಳು ಕೆಟ್ಟದ್ದೇನೂ ಅಲ್ಲ, ತಿನ್ನಬಹುದು.

ಸೋಡಾ ಮಾಡುವುದು ಇದರ ತದ್ವಿರುದ್ಧ. ಬಾಳೆಹಣ್ಣಿನಲ್ಲಿರುವ ಮುಖ್ಯ ಫೀನಾಲು ಡೋಪಮೈನ್. ನಮ್ಮ ಮೆದುಳಿನಲ್ಲಿ ಸಂದೇಶ ಒಯ್ಯುವುದೂ ಇದೇ ಪದಾರ್ಥ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಕ್ಷಾರದಲ್ಲಿ ಡೋಪಮೈನಿಗೆ ಕಿಣ್ವದ ಸಹಾಯವೂ ಬೇಡ, ಬರೀ ಗಾಳಿಗೇ ಕಪ್ಪಾಗುತ್ತದೆ. ನೀರು–ಸೋಡಾದ ಗುಳಿಯಪ್ಪದ ಒಳಭಾಗ ಬೂದುಗಂದಾಗಿದ್ದಕ್ಕೆ ಉತ್ತರ ಇಲ್ಲಿತ್ತು. ಹೊರಗಿನ ಕಪ್ಪು ಬೆಂಕಿಯದು, ಒಳಗಿನದು ಹಣ್ಣಿನದು. ಒಲೆಗೆ ಹೋಗುವ ಮೊದಲೇ ಹಣ್ಣು ಬಣ್ಣ ಕೆಡಿಸಿಕೊಂಡಿತ್ತು, ಬೇಯಿಸಿದರೆ ಅದು ಹಿಂದೆ ಬರುವುದಿಲ್ಲ.

ನಾನು ಹಣ್ಣಿಗೆ ಸೋಡಾ ಸೇರಿಸುವುದನ್ನು ಒಮ್ಮೆ ಕಂಡ ಅತ್ತೆ, "ಮೊದ್ಲು ಮೊಸರು ಹಾಕೇ, ಸೋಡಾ ಕಡೇಗೆ" ಎಂದಿದ್ದರು. ಕಾರಣ ಕೇಳಿದರೆ ಹಾಗೇ ಮಾಡುವುದು ಎಂದಿದ್ದರು. ಬಾಳೆದಿಂಡು ಹೆಚ್ಚುವಾಗ ಹೋಳುಗಳನ್ನು ನೇರ ಮಜ್ಜಿಗೆ ನೀರಿಗೆ ಬೀಳಿಸುವವರು ಅವರು. ಎರಡೂ ಕಡೆ ಲೆಕ್ಕ ಒಂದೇ. ಹುಳಿ ಹಣ್ಣನ್ನು ಕಾಯುತ್ತದೆ, ಅದೇ ಹುಳಿ ಆಮೇಲೆ ಸೋಡಾಕ್ಕೆ ಆಹಾರವಾಗುತ್ತದೆ. ಈ ಕ್ರಮ ತಪ್ಪಿದರೆ ಮೊದಲು ಕೆಡುವುದು ಬಣ್ಣ.

ಹಾಗಾದರೆ ಯಾವುದು? ಮನೆಯಲ್ಲಿ ಹುಳಿ ಮೊಸರಿದ್ದು, ಕಾವಲಿ ಕಾದಿದ್ದು, ಕೂಡಲೇ ಹೊಯ್ಯುವುದಾದರೆ ನನ್ನ ಆಯ್ಕೆ ಸೋಡಾ. ರುಚಿಯಲ್ಲಿ ಅದನ್ನು ಪೌಡರ್ ಮೀರಿಸಲಿಲ್ಲ. ಕಿವುಚಿದ ಹಣ್ಣಿಗೆ ಮೊಸರು ಮತ್ತು ಸಕ್ಕರೆ ಸೇರಿಸಿಟ್ಟು, ಸೋಡಾವನ್ನು ಮೈದಾದ ಜೊತೆ ಜರಡಿ ಹಿಡಿದು, ಹೊಯ್ಯುವ ಐದು ನಿಮಿಷ ಮೊದಲು ಬೆರೆಸುತ್ತೇನೆ. ನೆಂಟರು ಒಬ್ಬೊಬ್ಬರಾಗಿ ಬರುವ ದಿನ, ಹಿಟ್ಟು ಬಟ್ಟಲಲ್ಲಿ ಕೂರಬೇಕಾದಾಗ, ಅಥವಾ ಮೊಸರೇ ಇಲ್ಲದಾಗ ಪೌಡರ್. ಆಗ ಹಣ್ಣಿಗೆ ಕೆಲವು ಹನಿ ನಿಂಬೆ ಹಿಂಡಿದರೆ ಬಣ್ಣಕ್ಕೆ ಸಾಕು, ಪೌಡರಿನ ಕೆಲಸಕ್ಕೆ ಅಡ್ಡಿಯಿಲ್ಲ. ಪೌಡರ್ ಇಲ್ಲವೆಂದು ಅಷ್ಟೇ ಅಳತೆಯ ಸೋಡಾ ಸುರಿಯುವುದು ಮಾತ್ರ ಬೇಡ. ಮೂರು ನಾಲ್ಕು ಪಟ್ಟು ಕ್ಷಾರ ಹಿಟ್ಟಿಗೆ ಬಿದ್ದಂತೆ.

ಕಳೆದ ಮಳೆಗಾಲದಲ್ಲಿ ಪೌಡರ್ ಹಾಕಿದ ಹಿಟ್ಟು ಒಮ್ಮೆ ಕಲ್ಲಿನಂತೆ ಕೂತಿತು. ಅಳತೆ ಸರಿಯಿತ್ತು, ಡಬ್ಬಿಯ ಮೇಲಿನ ದಿನಾಂಕವೂ ಮುಗಿದಿರಲಿಲ್ಲ. ಮುಚ್ಚಳ ಸಡಿಲವಾಗಿ ಆಷಾಢದ ಗಾಳಿಯ ತೇವಕ್ಕೇ ಒಳಗಿನ ಸೋಡಾ ಮತ್ತು ಹುಳಿ ಸೇರಿ ಖಾಲಿಯಾಗಿದ್ದವು. ಅಂದಿನಿಂದ ಕಲಸುವ ಮೊದಲು ಅರ್ಧ ಚಮಚ ಪೌಡರನ್ನು ಕಾಲು ಲೋಟ ಬಿಸಿನೀರಿಗೆ ಹಾಕಿ ನೋಡುತ್ತೇನೆ. ಭರ್ರನೆ ನೊರೆ ಬಂದರೆ ಸರಿ, ನಾಲ್ಕು ಗುಳ್ಳೆ ಎದ್ದು ಸುಮ್ಮನಾದರೆ ಆ ಡಬ್ಬಿ ಕಸಕ್ಕೆ. ಸೋಡಾಕ್ಕಾದರೆ ಬಿಸಿನೀರಿನ ಬದಲು ಒಂದು ಚಮಚ ನಿಂಬೆರಸ.