ಪಿಡಿಎಫ್‌ ಒಳಗೆ ಅಕ್ಷರವಿದೆಯೋ, ಬರೀ ಚಿತ್ರವೋ: ಅಂಗಡಿ ಮೇಜಿನ ಮೇಲೆ ಮಾಡಿ ನೋಡಿದ ಪರೀಕ್ಷೆಗಳು

ನಮ್ಮದು ಡಿಟಿಪಿ ಅಂಗಡಿ. ಪೆನ್‌ಡ್ರೈವ್ ಕೊಟ್ಟು, "ಇದರಲ್ಲಿ ನಾಲ್ಕು ಕಡೆ ತಿದ್ದಿ ಪ್ರಿಂಟ್ ಕೊಡಿ ಸಾರ್, ಎಷ್ಟಾಗುತ್ತೆ?" ಅಂತ ಕೇಳುವವರು ದಿನಕ್ಕೆ ಇಬ್ಬರಾದರೂ ಬರುತ್ತಾರೆ. ಆ ಪಿಡಿಎಫ್‌ನಲ್ಲಿ ನಿಜವಾದ ಅಕ್ಷರಗಳಿದ್ದರೆ ಅರ್ಧ ಗಂಟೆ ಕೆಲಸ. ಪುಟವನ್ನು ಸ್ಕ್ಯಾನ್ ಮಾಡಿ ಇಟ್ಟ ಚಿತ್ರವಾಗಿದ್ದರೆ ಪುಟಕ್ಕೆ ಇಷ್ಟು ಅಂತ ಹೊಸದಾಗಿ ಟೈಪ್ ಮಾಡಬೇಕು. ಎರಡರ ದರಕ್ಕೂ ಅಜಗಜಾಂತರ. ಗಿರಾಕಿ ಎದುರಿಗೆ ನಿಂತಿರುವಾಗಲೇ ಹೇಳಬೇಕಾದ ಮಾತಾದ್ದರಿಂದ, ಯಾವ ಪರೀಕ್ಷೆ ಬೇಗ ಆಗುತ್ತದೆ, ಯಾವುದು ಮೋಸ ಮಾಡುತ್ತದೆ ಅಂತ ಐದು ಬಗೆಯ ಕಡತಗಳನ್ನು ಮುಂದಿಟ್ಟುಕೊಂಡು ನೋಡಿದೆ.

ವರ್ಡ್‌ನಲ್ಲಿ ತುಂಗಾ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ನಾಲ್ಕು ಪುಟದ ಸೂಚನಾಪತ್ರ ಒಂದು. ಹಳೇ ನುಡಿ ಫಾಂಟಿನಲ್ಲಿದ್ದ ಸ್ಮರಣ ಸಂಚಿಕೆಯ ಲೇಖನ ಇನ್ನೊಂದು. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಹನ್ನೆರಡು ಪುಟದ ಆದೇಶ ಮೂರನೆಯದು. ಸ್ಕ್ಯಾನ್ ಮಾಡಿದ ಮೇಲೆ, ಚಿತ್ರ ನೋಡಿ ಅಕ್ಷರ ಗುರುತಿಸುವ ಓಸಿಆರ್ ಹಾಯಿಸಿದ ಅರವತ್ನಾಲ್ಕು ಪುಟದ ಹಳೇ ಪುಸ್ತಕ ನಾಲ್ಕನೆಯದು. ಕೋರಲ್‌ಡ್ರಾದಲ್ಲಿ ಮಾಡಿದ ಮದುವೆ ಕರೆಯೋಲೆ ಕೊನೆಯದು.

ಎಲ್ಲರೂ ಮೊದಲು ಮಾಡುವುದು Ctrl+F ಒತ್ತಿ ಒಂದು ಪದ ಹುಡುಕುವುದು. ಇಂಗ್ಲಿಷ್ ಕಡತಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕನ್ನಡಕ್ಕೆ ಮಾತ್ರ ಇದನ್ನು ನಂಬಬೇಡಿ. ನುಡಿ ಲೇಖನದಲ್ಲಿ "ಕರ್ನಾಟಕ" ಅಂತ ಹುಡುಕಿದೆ, ಸಿಗಲಿಲ್ಲ. ಆ ಪದ ಮೊದಲ ಸಾಲಿನಲ್ಲೇ ಕಣ್ಣಿಗೆ ಕಾಣುತ್ತಿತ್ತು. ಇಷ್ಟಕ್ಕೇ "ಇದು ಚಿತ್ರ" ಅಂತ ತೀರ್ಮಾನಿಸಿ ಇಡೀ ಲೇಖನವನ್ನು ಮತ್ತೆ ಟೈಪ್ ಮಾಡಿಸಿದವರನ್ನು ನೋಡಿದ್ದೇನೆ, ಅದು ಸುಮ್ಮನೆ ಕಳೆದ ದುಡ್ಡು. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುತ್ತದೆ. ಪರದೆಯ ಮೇಲೆ ಕಾಣುವುದು "ಕರ್ನಾಟಕ" ಆದರೂ ಕಡತದೊಳಗೆ ಇರುವುದು `PÀ£ÁðlPÀ`. ಈ ಗೋಜಲು ಸಾಲನ್ನೇ ಹುಡುಕುವ ಚೌಕದಲ್ಲಿ ಅಂಟಿಸಿ ನೋಡಿ, ತಕ್ಷಣ ಸಿಗುತ್ತದೆ. ಹಾಗಾಗಿ ಹುಡುಕಾಟದಲ್ಲಿ ಪದ ಸಿಕ್ಕರೆ ಅಕ್ಷರವಿದೆ ಎನ್ನಬಹುದು, ಸಿಗದಿದ್ದರೆ ಏನನ್ನೂ ಹೇಳಲು ಬರುವುದಿಲ್ಲ.

ಎರಡನೆಯದು, ಮೌಸಿನಿಂದ ಒಂದು ಸಾಲನ್ನು ಎಳೆದು ನೋಡುವುದು. ಅಕ್ಷರವಿದ್ದರೆ ಸಾಲಿನುದ್ದಕ್ಕೂ ನೀಲಿ ಪಟ್ಟಿ ಅಕ್ಷರಗಳನ್ನು ಹಿಡಿದು ಸಾಗುತ್ತದೆ. ಸ್ಕ್ಯಾನ್ ಆದೇಶದಲ್ಲಿ ಹಾಗಾಗಲಿಲ್ಲ. ಓದುವ ತಂತ್ರಾಂಶಗಳಲ್ಲಿ ಒಂದು ಇಡೀ ಪುಟವನ್ನೇ ಒಂದು ತುಂಡಾಗಿ ನೀಲಿ ಮಾಡಿತು, ಇನ್ನೊಂದರಲ್ಲಿ ಏನೂ ಆಗಲಿಲ್ಲ. ನುಡಿ ಲೇಖನ ಇಲ್ಲಿ ಸರಿಯಾಗಿಯೇ ಹಿಡಿತಕ್ಕೆ ಸಿಕ್ಕಿತು. ಆದರೆ ಎಳೆದು ನೋಡಿ ಅಲ್ಲಿಗೇ ನಿಲ್ಲಿಸಬಾರದು. ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಸರಿಯಾದ ಕನ್ನಡ ಬಂದರೆ ಯೂನಿಕೋಡ್. ಒತ್ತಕ್ಷರ ಒಂದೆರಡು ಕಳೆದುಹೋಗಿ, ಕೊಂಬು ದೀರ್ಘ ಸ್ಥಳ ಬದಲಾಗಿ ಬಂದರೂ ಯೂನಿಕೋಡೇ, ಪಿಡಿಎಫ್ ಆಗುವಾಗ ಕನ್ನಡ ಹೀಗೆ ಕೆಡುವುದುಂಟು. `PÀ£ÁðlPÀ` ಥರದ್ದು ಬಂದರೆ ಗಾಬರಿಯಾಗಬೇಡಿ. ಅದನ್ನೇ ವರ್ಡಿಗೆ ಹಾಕಿ, ಎಲ್ಲವನ್ನೂ ಆರಿಸಿ, ಫಾಂಟನ್ನು ಹಳೇ ನುಡಿಗೆ ಬದಲಿಸಿ. ಸಾಲು ಸಾಲೇ ಕನ್ನಡವಾಗಿ ಎದ್ದು ನಿಲ್ಲುತ್ತದೆ. ಗಿರಾಕಿ ಎದುರಿಗೆ ಇದನ್ನು ಮಾಡಿ ತೋರಿಸಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಆಮೇಲೆ ಪರಿವರ್ತಕದಿಂದ ಯೂನಿಕೋಡಿಗೆ ತರುವುದು ಕಷ್ಟವೇನಲ್ಲ.

ಈ ಎಳೆದು ಅಂಟಿಸುವ ಪರೀಕ್ಷೆಯನ್ನು ನಂಬಿಯೇ ನಾನು ಒಮ್ಮೆ ಕೈ ಸುಟ್ಟುಕೊಂಡೆ, ಆ ಅರವತ್ನಾಲ್ಕು ಪುಟದ ಪುಸ್ತಕದಲ್ಲಿ. ತಂದವರು ನಿವೃತ್ತ ಮೇಷ್ಟ್ರು. ತಂದೆಯವರು ಬರೆದದ್ದನ್ನು ಮರುಮುದ್ರಣ ಮಾಡಿಸಬೇಕೆಂಬ ಆಸೆ ಅವರಿಗೆ. ಮೊದಲ ಪುಟದ ಶೀರ್ಷಿಕೆ ಎಳೆದೆ, ಅಂಟಿಸಿದೆ, ಅಚ್ಚುಕಟ್ಟಾಗಿ ಕನ್ನಡ ಬಂತು. "ಮೇಷ್ಟ್ರೇ, ಅಕ್ಷರ ಇದೆ, ಪುಟ ಜೋಡಿಸುವ ದರ ಮಾತ್ರ ಕೊಡಿ" ಅಂದುಬಿಟ್ಟೆ. ಒಳಪುಟಗಳಿಗೆ ಹೋದಾಗ ನಿಜ ಬಯಲಾಯಿತು. ಪುಟದಲ್ಲಿ "ಬದುಕಿನ ಅರ್ಥ" ಅಂತಿದ್ದರೆ ಅಂಟಿಸಿದ್ದರಲ್ಲಿ "ಬದುಕಿನ ಅರ್ಧ" ಅಂತಿತ್ತು. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷೆಗೂ ಸಿಗುವ ತಪ್ಪಲ್ಲ. ಯಂತ್ರ ಚಿತ್ರವನ್ನು ನೋಡಿ ಊಹಿಸಿದ ಅಕ್ಷರಗಳನ್ನು ಚಿತ್ರದ ಜೊತೆಗೆ ಕಣ್ಣಿಗೆ ಕಾಣದ ಹಾಗೆ ಇಟ್ಟಿತ್ತು. ನಾನು ಎಳೆದು ಹಿಡಿದದ್ದು ಆ ಕಾಣದ ಪದರವನ್ನು. ಮೂಲದ ಜೊತೆ ಸಾಲು ಸಾಲಾಗಿ ಓದಿ ತಿದ್ದಲು ಹೊಸದಾಗಿ ಟೈಪ್ ಮಾಡುವಷ್ಟೇ ಸಮಯ ಹಿಡಿಯಿತು. ಹೇಳಿದ ದರಕ್ಕೇ ಮಾಡಿಕೊಟ್ಟೆ, ಮಾತು ಕೊಟ್ಟಾಗಿತ್ತಲ್ಲ.

ಆ ದಿನದಿಂದ ಮೂರನೆಯ ಪರೀಕ್ಷೆಯನ್ನು ಬಿಟ್ಟಿಲ್ಲ. ಪುಟವನ್ನು ನಾನೂರು ಐನೂರು ಪರ್ಸೆಂಟಿಗೆ ಹಿಗ್ಗಿಸಿ, ಒಂದು ಅಕ್ಷರದ ಅಂಚನ್ನು ನೋಡುವುದು. ಫಾಂಟಿನ ಅಕ್ಷರವೆಂದರೆ ಗೆರೆಗಳ ಲೆಕ್ಕ. ಎಷ್ಟು ಹಿಗ್ಗಿಸಿದರೂ ಓದುವ ತಂತ್ರಾಂಶ ಅದನ್ನು ಹೊಸದಾಗಿ ಬರೆಯುತ್ತದೆ, ಆದ್ದರಿಂದ "ಕ"ದ ಹೊಟ್ಟೆ ಬ್ಲೇಡಿನಿಂದ ಕೊಯ್ದ ಹಾಗೆ ನುಣುಪಾಗಿರುತ್ತದೆ. ಸ್ಕ್ಯಾನ್ ಆದರೆ ಅಂಚಿನಲ್ಲಿ ಮೆಟ್ಟಿಲು, ಬೂದು ಮಸುಕು, ಅಕ್ಷರದ ಪಕ್ಕ ಕಾಗದದ ಚುಕ್ಕೆ. ಒಂದೇ ಅಕ್ಷರ ಎರಡು ಕಡೆ ಬಂದಿದ್ದರೆ ಎರಡನ್ನೂ ಹೋಲಿಸಿ ನೋಡಿ. ಫಾಂಟಿನಲ್ಲಿ ತದ್ರೂಪು, ಸ್ಕ್ಯಾನಿನಲ್ಲಿ ಶಾಯಿ ಹರಡಿದ್ದು ಒಂದೊಂದರಲ್ಲಿ ಒಂದೊಂದು ರೀತಿ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರೂ ತಿಳಿಯುತ್ತದೆ, ಐದು ಸೆಕೆಂಡಿನ ಕೆಲಸ. ಮೇಷ್ಟ್ರ ಪುಸ್ತಕವನ್ನು ಅಂದು ಹಿಗ್ಗಿಸಿ ನೋಡಿದ್ದರೆ ಸಾಕಿತ್ತು.

ಹಿಗ್ಗಿಸುವುದು ಎಡವುವುದು ಕರೆಯೋಲೆಯ ಹತ್ತಿರ. ಅಂಚು ನುಣುಪು, ಆದರೆ ಒಂದಕ್ಷರವೂ ಎಳೆಯಲು ಸಿಗದು. ಪ್ರೆಸ್ಸಿಗೆ ಕಳಿಸುವಾಗ ಫಾಂಟ್ ತೊಂದರೆ ಆಗಬಾರದೆಂದು ಕೋರಲ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್ ಮಾಡಿಬಿಡುತ್ತೇವೆ. ಆಗ ಅದು ಅಕ್ಷರವೂ ಅಲ್ಲ, ಸ್ಕ್ಯಾನ್ ಚಿತ್ರವೂ ಅಲ್ಲ, ಬರೀ ಗೆರೆ. ಹೊಸದಾಗಿ ಟೈಪ್ ಮಾಡದೆ ದಾರಿಯಿಲ್ಲ, ಸಾಧ್ಯವಾದರೆ ಮೂಲ ಕೋರಲ್ ಕಡತ ಕೇಳಿ.

ಅಂದರೆ ಎಳೆಯುವುದೂ ಹಿಗ್ಗಿಸುವುದೂ ಜೊತೆಯಾಗಿ ಆಗಬೇಕು. ನುಣುಪಾಗಿದ್ದು ಎಳೆಯಲು ಸಿಕ್ಕರೆ ನಿಜವಾದ ಅಕ್ಷರ. ಮಸುಕಾಗಿದ್ದೂ ಎಳೆಯಲು ಸಿಕ್ಕರೆ ಓಸಿಆರ್ ಪದರ. ನುಣುಪಾಗಿದ್ದೂ ಸಿಗದಿದ್ದರೆ ಕರ್ವ್ಸ್. ಮಸುಕಾಗಿದ್ದು ಸಿಗದೆಯೂ ಹೋದರೆ ಬರೀ ಚಿತ್ರ. ಮ್ಯಾಕ್ ಅಥವಾ ಐಫೋನ್ ಇರುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ 2021ರಿಂದ ಈಚೆಗೆ ಅವುಗಳಲ್ಲಿ ಚಿತ್ರದೊಳಗಿನ ಇಂಗ್ಲಿಷ್ ಅಕ್ಷರಗಳನ್ನೂ ಎಳೆದು ಹಿಡಿಯುವ ಸೌಲಭ್ಯ ಬಂದಿದೆ. ಅಲ್ಲಿ ಸಾಲು ಸಿಕ್ಕಿತೆಂದರೆ ಕಡತದಲ್ಲಿ ಅಕ್ಷರವಿದೆ ಅಂತ ಅರ್ಥವಲ್ಲ.

ಅಡೋಬಿ ರೀಡರಿನಲ್ಲಿ Ctrl+D ಒತ್ತಿ, Fonts ಎಂಬ ಪುಟ ತೆರೆದು ನೋಡುವುದು ನಾಲ್ಕನೆಯ ದಾರಿ. ಹೆಸರಿನಲ್ಲಿ Nudi ಕಂಡರೆ ಅಂಟಿಸಿದಾಗ ಗೋಜಲು ಬರಬಹುದೆಂದು ಮೊದಲೇ ತಿಳಿಯುತ್ತದೆ. GlyphLessFont ಅಂತ ಇದ್ದರೆ ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಇಟ್ಟ ಕಾಣದ ಪದರ. ಪಟ್ಟಿ ಖಾಲಿಯಿದ್ದರೆ ಚಿತ್ರ ಅಥವಾ ಕರ್ವ್ಸ್. ಲಿನಕ್ಸಿನಲ್ಲಿ ಇದೇ ಪಟ್ಟಿಯನ್ನು `pdffonts` ಕೊಡುತ್ತದೆ.

ಆದರೆ ಆ ಹನ್ನೆರಡು ಪುಟದ ಆದೇಶ ಈ ಪಟ್ಟಿಯನ್ನೂ ಏಮಾರಿಸಿತು. ಎಲ್ಲ ಪುಟವೂ ಸ್ಕ್ಯಾನ್, ಆದರೂ Helvetica ಅಂತ ಒಂದು ಹೆಸರು ಬಂತು. ಹುಡುಕಿದರೆ, ಡಿಜಿಟಲ್ ಸಹಿ ಹಾಕಿದಾಗ ಪ್ರತಿ ಪುಟದ ಮೂಲೆಯಲ್ಲಿ ಅಂಟಿಕೊಂಡ ನಾಲ್ಕು ಸಾಲು ಇಂಗ್ಲಿಷ್ ಅದು. ಕಡತಕ್ಕೆ ಫಾಂಟ್ ಇದೆ, ಪುಟಕ್ಕೆ ಪಠ್ಯವಿಲ್ಲ. ಇಂಥ ಕಡತಕ್ಕೆ, ಮತ್ತೆ ಮೊದಲೆರಡು ಪುಟ ಟೈಪ್ ಮಾಡಿ ಅನುಬಂಧವನ್ನು ಸ್ಕ್ಯಾನ್ ಮಾಡಿ ಸೇರಿಸಿದ ಕಡತಕ್ಕೆ, ಪುಟಪುಟಕ್ಕೂ ಅಕ್ಷರ ಎಣಿಸುವುದೇ ಸರಿ:

```
for p in $(seq 1 12); do
  echo "$p $(pdftotext -f $p -l $p aadesha.pdf - | wc -m)"
done
```

ಎಡಗಡೆ ಪುಟದ ಸಂಖ್ಯೆ, ಬಲಗಡೆ ಆ ಪುಟದಿಂದ ಹೊರಬಂದ ಅಕ್ಷರಗಳ ಲೆಕ್ಕ. ಪೂರ್ತಿ ಖಾಲಿ ಪುಟಕ್ಕೆ ಸೊನ್ನೆಯಲ್ಲ, 1 ಬರುತ್ತದೆ. ಪುಟ ಮುಗಿಯಿತೆಂದು `pdftotext` ತಾನೇ ಹಾಕುವ ಒಂದು ಗುರುತು ಅದು. ಆದೇಶದಲ್ಲಿ ಎಲ್ಲ ಪುಟಕ್ಕೂ ನೂರರ ಒಳಗೇ ಬಂತು, ಅದಷ್ಟೂ ಸಹಿಯ ಸಾಲುಗಳು. ತುಂಗಾ ಸೂಚನಾಪತ್ರದಲ್ಲಿ ತುಂಬಿದ ಪುಟಕ್ಕೆ ಸಾವಿರದ ಮೇಲಿತ್ತು. ಪಕ್ಕಾ ಮಾಡಿಕೊಳ್ಳಲು ಇನ್ನೊಂದು ಸಾಲು:

```
pdfimages -list aadesha.pdf
```

ಪುಟಕ್ಕೊಂದರಂತೆ ಹನ್ನೆರಡು ಚಿತ್ರ, ಒಂದೊಂದೂ 2480 ಅಗಲ, 3508 ಎತ್ತರ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಬರುವ ಅಳತೆಯೇ ಇದು. ಲಾಂಛನವೋ ಫೋಟೋವೋ ಆಗಿದ್ದರೆ ಅಳತೆ ಪುಟದಷ್ಟು ಇರುತ್ತಿರಲಿಲ್ಲ. ಹಾಗಂತ ಮೇಷ್ಟ್ರ ಪುಸ್ತಕವನ್ನು ಬರೀ ಎಣಿಕೆಗೆ ಬಿಟ್ಟರೆ ಅದು ಸಾವಿರಗಟ್ಟಲೆ ಅಕ್ಷರ ತೋರಿಸಿ ಪಾಸಾಗಿಬಿಡುತ್ತದೆ. ಅಲ್ಲಿಯೂ ಹಿಡಿದುಕೊಟ್ಟದ್ದು ಪುಟದಳತೆಯ ಚಿತ್ರವೇ.

ಕಡತದ ತೂಕ ನೋಡಿ ಹೇಳುವವರೂ ಇದ್ದಾರೆ. ಸೂಚನಾಪತ್ರ ನಾಲ್ಕು ಪುಟಕ್ಕೆ 180 ಕೆಬಿ, ಆದೇಶ ಹನ್ನೆರಡು ಪುಟಕ್ಕೆ 6 ಎಂಬಿ, ಪುಟಕ್ಕೆ 500 ಕೆಬಿ. ತೆರೆಯುವ ಮೊದಲೇ ಒಂದು ಅನುಮಾನ ಹುಟ್ಟಿಸಲು ಸಾಕು. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸಿದ ಪುಟ ಬಹಳ ಹಗುರವಾಗಿಯೂ ಇರುತ್ತದಾದ್ದರಿಂದ ಇದರ ಮೇಲೆ ದರ ಹೇಳಲಾಗದು.

ಈಗ ಅಂಗಡಿಯಲ್ಲಿ ಯಾರೇ ಪಿಡಿಎಫ್ ತಂದರೂ ಮೊದಲ ಪುಟ ಬಿಟ್ಟು ನಡುವಿನ ಒಂದು ಪುಟಕ್ಕೆ ಹೋಗುತ್ತೇನೆ. ಹಿಗ್ಗಿಸಿ ಅಂಚು ನೋಡುತ್ತೇನೆ, ಒತ್ತಕ್ಷರ ಹೆಚ್ಚಿರುವ ಒಂದು ಪ್ಯಾರಾ ಎಳೆದು ನೋಟ್‌ಪ್ಯಾಡಿಗೆ ಅಂಟಿಸಿ ಮೂಲದ ಜೊತೆ ಓದುತ್ತೇನೆ. ಅರ್ಧ ನಿಮಿಷ ಸಾಕು. ಇಪ್ಪತ್ತು ಪುಟ ಮೀರಿದ ಕಡತವಾದರೆ ಗಿರಾಕಿಯನ್ನು ಕೂರಿಸಿ, ಮೇಲಿನ ಎರಡು ಆಜ್ಞೆ ಓಡಿಸಿ, ಯಾವ ಯಾವ ಪುಟ ಟೈಪ್ ಆಗಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟು ಆಮೇಲೆ ದರ ಹೇಳುತ್ತೇನೆ.