ನೋಂದಣಿ ಶುಲ್ಕಕ್ಕೆ ಯಾವ ರಸೀದಿ? ಕಾರ್ಬನ್ ಪುಸ್ತಕ, ಸ್ಪ್ರೆಡ್‌ಶೀಟ್, ಬಿಲ್ಲಿಂಗ್ ಸಾಫ್ಟ್‌ವೇರ್

ನಮ್ಮದು ಸಣ್ಣ ಟ್ರಸ್ಟ್. ಶಿಬಿರಗಳಿಗೆ ನೋಂದಣಿ ಶುಲ್ಕ ತೆಗೆದುಕೊಳ್ಳುತ್ತೇವೆ, ಅರ್ಧ ನಗದು, ಅರ್ಧ ಯುಪಿಐ. ಖಜಾಂಚಿಯಾಗಿ ಈ ಮೂರೂ ವಿಧಾನಗಳಲ್ಲಿ ರಸೀದಿ ಕೊಟ್ಟು ನೋಡಿದ್ದೇನೆ. ನಾನು ಅಳೆದದ್ದು ಒಂದೇ ಅಳತೆಯಲ್ಲಿ: ಒಮ್ಮೆ ಕೊಟ್ಟ ಕ್ರಮಸಂಖ್ಯೆ ಆಮೇಲೆ ಅಲುಗಾಡುತ್ತದೆಯೋ ಇಲ್ಲವೋ. ಲೆಕ್ಕಪರಿಶೋಧಕರು ಮೊದಲು ಕೇಳುವುದೂ ಅದನ್ನೇ.

ಹೋಲಿಕೆಗೆ ಮುಂಚೆ ಒಂದು ವಿಷಯ. ಕರ್ನಾಟಕದಲ್ಲಿ ಸೇವೆ ಕೊಡುವ ಸಂಸ್ಥೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಜಿಎಸ್‌ಟಿ ಸಂಖ್ಯೆ ಪಡೆಯದವರು ಬರೀ ರಸೀದಿ ಕೊಡಬೇಕು. ಅದರಲ್ಲಿ ತೆರಿಗೆಯ ಸಾಲು ಇರಲೇಬಾರದು, ಏಕೆಂದರೆ ತೆರಿಗೆ ವಸೂಲಿ ಮಾಡುವ ಹಕ್ಕು ಅವರಿಗಿಲ್ಲ. ನೋಂದಣಿ ಇದ್ದು ಶುಲ್ಕಕ್ಕೆ ತೆರಿಗೆ ಬೀಳುವುದಾದರೆ ಟ್ಯಾಕ್ಸ್ ಇನ್‌ವಾಯ್ಸ್ ಬೇಕು. ನೋಂದಣಿ ಇದ್ದೂ ಸೇವೆಗೆ ವಿನಾಯಿತಿ ಇದ್ದರೆ ‘ಬಿಲ್ ಆಫ್ ಸಪ್ಲೈ’. ಇನ್ನು ದೇಣಿಗೆಯ ಸರಣಿಯನ್ನು ಇದಕ್ಕೆ ಬೆರೆಸಲೇಬೇಡಿ. ಶಿಬಿರದ ಶುಲ್ಕ ದೇಣಿಗೆಯಲ್ಲ, ಅದಕ್ಕೆ 80ಜಿ ರಸೀದಿ ಕೊಡುವುದು ತಪ್ಪು.

ಕಾರ್ಬನ್ ಪುಸ್ತಕದ ಬಲ ಅದರ ಅಚ್ಚಾದ ಸಂಖ್ಯೆ. ಯಾರೂ ಅದನ್ನು ಬದಲಿಸಲಾರರು. ಎರಡು ಕೌಂಟರ್ ಇದ್ದರೆ ಎರಡು ಪುಸ್ತಕ, ಒಂದರಲ್ಲಿ 1ರಿಂದ 50, ಇನ್ನೊಂದರಲ್ಲಿ 51ರಿಂದ 100. ಯಾವ ಪುಸ್ತಕ ಯಾರ ಕೈಗೆ ಹೋಯಿತು, ಎಲ್ಲಿಂದ ಎಲ್ಲಿಯವರೆಗೆ ಖರ್ಚಾಯಿತು ಎಂದು ಬೇರೆ ವಹಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಸಂಜೆಯ ನಗದು ತಾಳೆ ಸುಲಭ. ಬರೆಯುವಾಗ ಹಾಳೆ ಕೆಟ್ಟರೆ ಹರಿದು ಎಸೆಯದೆ, ಮೂಲ ಹಾಳೆಯನ್ನು ನಕಲಿಗೆ ಪಿನ್ ಮಾಡಿ ‘ರದ್ದು’ ಎಂದು ಬರೆಯಬೇಕು. ಇದರ ದೌರ್ಬಲ್ಯ ಯುಪಿಐ. ಹಣ ಹಿಂದಿನ ರಾತ್ರಿಯೇ ಬಂದಿರುತ್ತದೆ, ರಸೀದಿಗೆ ಮರುದಿನದ ದಿನಾಂಕ ಬೀಳುತ್ತದೆ. ಪಾವತಿಯ ಯುಟಿಆರ್ ಸಂಖ್ಯೆ ಮತ್ತು ಹಣ ಬಂದ ದಿನ ಎರಡನ್ನೂ ಬರೆಯದಿದ್ದರೆ ಬ್ಯಾಂಕ್ ಪಟ್ಟಿಯೊಂದಿಗೆ ತಾಳೆಯಾಗುವುದಿಲ್ಲ.

ಸ್ಪ್ರೆಡ್‌ಶೀಟ್ ಅಗ್ಗ, ವೇಗ, ಇಮೇಲಿಗೂ ಅನುಕೂಲ. ಆದರೂ ಮೂರರಲ್ಲಿ ನಾನು ಅತಿ ಕಡಿಮೆ ನಂಬುವುದು ಇದನ್ನೇ. ಹಲವರು ಸಂಖ್ಯೆಯನ್ನು ಹೀಗೆ ಸೂತ್ರದಿಂದ ಹುಟ್ಟಿಸುತ್ತಾರೆ:

```
="RG/25-26/"&TEXT(ROW()-1,"0000")
```

ಯಾರೋ ಎರಡು ಸಲ ಫಾರ್ಮ್ ತುಂಬಿದ್ದಾರೆಂದು 12ನೇ ಸಾಲನ್ನು ಅಳಿಸಿದಿರಿ ಅಂದುಕೊಳ್ಳಿ. ಅದರ ಕೆಳಗಿನ ಪ್ರತಿಯೊಬ್ಬರ ಸಂಖ್ಯೆಯೂ ಒಂದು ಹಿಂದೆ ಸರಿಯುತ್ತದೆ. ಇಮೇಲಿನಲ್ಲಿ ಹೋದ ರಸೀದಿಯಲ್ಲಿ 0012, ನಿಮ್ಮ ಹಾಳೆಯಲ್ಲಿ ಅದೇ ವ್ಯಕ್ತಿಗೆ 0011. ಹೆಸರಿನ ಪ್ರಕಾರ ವಿಂಗಡಿಸಿದರಂತೂ ಎಲ್ಲವೂ ಕಲಸಿಹೋಗುತ್ತದೆ. ಇದನ್ನೇ ಬಳಸಬೇಕೆಂದರೆ, ಹಣ ಬಂದದ್ದು ಖಚಿತವಾದ ಮೇಲಷ್ಟೇ ಇನ್ನೊಂದು ಹಾಳೆಯಲ್ಲಿ ಸಂಖ್ಯೆ ಕೊಡಿ, ಅದೂ ಸೂತ್ರವಾಗಿ ಅಲ್ಲ, ಬರೀ ಮೌಲ್ಯವಾಗಿ ಅಂಟಿಸಿ. ಫಾರ್ಮ್ ತುಂಬಿದ ಕೂಡಲೇ ಸಂಖ್ಯೆ ಕೊಟ್ಟರೆ ದುಡ್ಡು ಕಟ್ಟದವರ ಸಂಖ್ಯೆಗಳೆಲ್ಲ ಖಾಲಿ ಉಳಿಯುತ್ತವೆ.

ಟ್ಯಾಕ್ಸ್ ಇನ್‌ವಾಯ್ಸ್ ಕೊಡಬೇಕಾದವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಯಮದ ಪ್ರಕಾರ ಸಂಖ್ಯೆ ಕ್ರಮವಾಗಿರಬೇಕು, ಆ ಆರ್ಥಿಕ ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. RG/25-26/0001 ಎಂದರೆ 13, ಸರಿ. SHIBIRA/2025-26/0001 ಎಂದರೆ 20, ನಡೆಯದು. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ: ಮೂರು ಬಿಲ್ ಮಾಡಿ, ಎರಡನೆಯದನ್ನು ಅಳಿಸಿ. ಮೂರನೆಯದು ತಾನೇ ಎರಡಾದರೆ ಆ ಸೆಟ್ಟಿಂಗ್ ಬದಲಿಸಿ, ಬದಲಾಗದಿದ್ದರೆ ಆ ಸಾಫ್ಟ್‌ವೇರ್ ಬೇಡ. ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ರದ್ದಾದವು ಎಷ್ಟು ಎಂದು ತುಂಬಬೇಕಲ್ಲ, ಅಲ್ಲಿ ಈ ಎಡವಟ್ಟು ಎದ್ದು ಕಾಣುತ್ತದೆ.

ಮೊತ್ತದಲ್ಲೂ ಸಾಫ್ಟ್‌ವೇರೇ ಮೇಲು. ಶೇ. 18 ತೆರಿಗೆ ಸೇರಿ 500 ರೂ. ಎಂದು ಪ್ರಕಟಿಸಿದ್ದರೆ ಮೂಲ ಶುಲ್ಕ 423.73, ಕೇಂದ್ರ ಮತ್ತು ರಾಜ್ಯದ ತೆರಿಗೆ ತಲಾ 38.14. ಕೂಡಿದರೆ 500.01. ಆ ಒಂದು ಪೈಸೆಗೆ ‘ರೌಂಡ್ ಆಫ್’ ಸಾಲು ಬೇಕು. ಕೈಬರಹದ ಪುಸ್ತಕದಲ್ಲಿ ಇದನ್ನು ಪ್ರತಿ ಹಾಳೆಗೂ ಬರೆಯುವುದು ಶಿಕ್ಷೆ. ಶುಲ್ಕ 500, ತೆರಿಗೆ ಪ್ರತ್ಯೇಕ ಎಂದಿದ್ದರೆ 45, 45 ಸೇರಿ 590, ನೇರ ಲೆಕ್ಕ.

ನೋಂದಾಯಿಸಿದವರು ಬರಲಾಗದೆ ಹಣ ವಾಪಸ್ ಕೇಳಿದಾಗಲೂ ವ್ಯತ್ಯಾಸ ಗೊತ್ತಾಗುತ್ತದೆ. ಇನ್‌ವಾಯ್ಸ್ ಕೊಟ್ಟಾಗಿದ್ದರೆ ಅದನ್ನು ಅಳಿಸದೆ, ಅದರ ಸಂಖ್ಯೆ ನಮೂದಿಸಿ ಕ್ರೆಡಿಟ್ ನೋಟ್ ಕೊಡಬೇಕು. ಮುಂಗಡಕ್ಕೆ ರಿಸೀಟ್ ವೋಚರ್ ಮಾತ್ರ ಕೊಟ್ಟಿದ್ದರೆ ರಿಫಂಡ್ ವೋಚರ್ ಸಾಕು. ಸಾಫ್ಟ್‌ವೇರ್ ಇವಕ್ಕೆ ಬೇರೆ ಸರಣಿ ಇಡುತ್ತದೆ. ಜಿಎಸ್‌ಟಿ ಸಂಖ್ಯೆ ಇಲ್ಲದ, ನಗದೇ ಹೆಚ್ಚು ಬರುವ ಸಂಘಕ್ಕೆ ಇದಾವುದೂ ಬೇಕಿಲ್ಲ, ಕಾರ್ಬನ್ ಪುಸ್ತಕವೇ ಸಾಕು. ವಾಪಸ್ ಕೊಟ್ಟ ಹಣಕ್ಕೆ ಸಹಿ ಮಾಡಿಸಿದ ಪಾವತಿ ವೋಚರ್ ಮೇಲೆ ಹಳೆಯ ರಸೀದಿಯ ಸಂಖ್ಯೆ ಬರೆದಿಟ್ಟರಾಯಿತು.